ಎರಡು ಟ್ಯೂಬ್, ಒಂದೇ ಅಳತೆ: ವರಂಧಾ ದಾರಿಯ ಪಂಚರ್

ಕಳೆದ ಅಕ್ಟೋಬರ್‌ನಲ್ಲಿ ಆದದ್ದು. ಪುಣೆಯ ಧನಕವಡಿಯಿಂದ ಬೆಳಿಗ್ಗೆ ಐದೂವರೆಗೆ ಸೈಕಲ್ ತೆಗೆದೆ. ಕಾತ್ರಜ್ ಹಳೇ ಘಾಟ್ ಹತ್ತಿ ಇಳಿದು, ಬೆಂಗಳೂರು ಹೈವೇ ಸೇರಿ, ಖೇಡ್ ಶಿವಾಪುರ ದಾಟಿ, ಕಾಪೂರಹೋಳ್‌ನಲ್ಲಿ ಬಲಕ್ಕೆ ತಿರುಗಿ ಭೋರ್. ಅಲ್ಲಿ ಮಿಸಳ್ ತಿಂದೆ. ನೀರಾ ದೇವಘರ್ ಹಿನ್ನೀರಿನ ಪಕ್ಕ ವರಂಧಾ ಘಾಟಿನ ಕಡೆ ಹೋಗಿ, ಸಂಜೆಯೊಳಗೆ ವಾಪಸ್ ಬರೋದು ಅಂತ ಲೆಕ್ಕ. ಹಿಂದಿನ ರಾತ್ರಿ ಮಳೆ ಬಂದಿತ್ತು, ಹೈವೇ ಅಂಚು ಪೂರ್ತಿ ಒದ್ದೆ. ಆ ಒದ್ದೆ ಅಂಚಿನಲ್ಲೇ ಸುಮಾರು 20 ಕಿ.ಮೀ ಹೊಡೆದೆ. ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಸೈಕಲ್ ಹೈಬ್ರಿಡ್, ಟೈರ್ 700×32, ಸಣ್ಣ ವಾಲ್ವ್ ಇರೋ ಟ್ಯೂಬ್. ಅಂದರೆ ಪೆನ್ಸಿಲ್‌ನಷ್ಟು ಸಪೂರ, ತುದಿಯ ಪುಟ್ಟ ತಿರುಪನ್ನು ಬಿಚ್ಚಿ ಗಾಳಿ ಹೊಡೆಯುವ ಪ್ರೆಸ್ಟಾ ಜಾತಿ. ಚೀಲದಲ್ಲಿ ಒಂದು ಸ್ಪೇರ್ ಟ್ಯೂಬ್, ಪ್ಯಾಚ್ ಡಬ್ಬಿ, ಎರಡು ಪ್ಲಾಸ್ಟಿಕ್ ಲಿವರ್, ಅಂಗೈಯಷ್ಟು ಪಂಪ್.

10:10. ಭೋರ್ ದಾಟಿ ಹದಿನೈದು ಕಿ.ಮೀ ಆಗಿರಬಹುದು. ಹಿಂದಿನ ಚಕ್ರ ಮೆತ್ತಗಾಯಿತು. ಢಬ್ ಅಂತ ಒಡೆದದ್ದಲ್ಲ, ನಿಧಾನಕ್ಕೆ ಇಳಿದದ್ದು. ಫೋನಿಗೆ ನೆಟ್‌ವರ್ಕ್ ಇಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ನೀರು. ಚಕ್ರ ಬಿಚ್ಚಿ, ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬ್ ಎಳೆದು ಹಾಕಿದೆ. ಟೈರಿನ ಹೊರಮೈಯಲ್ಲಿ ಒಂದು ಗಾಜಿನ ಚೂರು ಕೂತಿತ್ತು. ಸಿಕ್ಕಿತು ಕಳ್ಳ ಅಂದುಕೊಂಡು ಕಿತ್ತು ಎಸೆದೆ. ಟೈರಿನ ಒಳಗೆ ಒಂದು ಸುತ್ತು ಬೆರಳು ಆಡಿಸಿದೆ, ಏನೂ ಚುಚ್ಚಲಿಲ್ಲ. ಸ್ಪೇರ್ ಟ್ಯೂಬ್ ಹಾಕಿ ಹೊರಟೆ.

10:55. ಮತ್ತೆ ಅದೇ ಚಕ್ರ ಮೆತ್ತಗೆ. ಈಗ ಸ್ಪೇರ್ ಇಲ್ಲ, ಪ್ಯಾಚ್ ಹಾಕಲೇಬೇಕು. ಎರಡನೇ ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತೂತು ಹುಡುಕಿದೆ. ಉಪ್ಪುಕಾಗದದಿಂದ ಎರಡು ಸಲ ಉಜ್ಜಿ, ಸೊಲ್ಯೂಷನ್ ಹಚ್ಚಿ, ಬೇಗ ಒಣಗಲಿ ಅಂತ ಬಾಯಿಂದ ಊದಿ, ಪ್ಯಾಚ್ ಒತ್ತಿ ಕೂರಿಸಿದೆ. ಪಂಪ್ ಹೊಡೆದೂ ಹೊಡೆದೂ ತೋಳು ಸೋತು ಹೋಯಿತು. ಅರ್ಧ ಕಿಲೋಮೀಟರ್ ಕೂಡ ಹೋಗಲಿಲ್ಲ, ರಿಮ್ ರಸ್ತೆಗೆ ತಾಗಿತು.

ಹಾಲಿನ ಗಾಡಿಯವರೊಬ್ಬರು ನಿಲ್ಲಿಸಿದರು. ಮುಂದೆ ಮೂರು ಕಿಲೋಮೀಟರಿಗೆ ಚಹಾದಂಗಡಿ ಇದೆ, ಅದರ ಪಕ್ಕದಲ್ಲೇ ಪಂಚರ್ ತೆಗೆಯುವವರಿದ್ದಾರೆ ಅಂತ ಮರಾಠಿಯಲ್ಲಿ ಹೇಳಿ ಹೋದರು. ತಳ್ಳಿಕೊಂಡು ನಡೆದೆ.

12:15. ನಾಲ್ಕು ಕಂಬ, ಮೇಲೆ ತಗಡು, ಕೆಂಪು ಕಂಪ್ರೆಸರ್ ಟ್ಯಾಂಕ್, ಬಾಂಡ್ಲಿಯಲ್ಲಿ ಕಪ್ಪು ನೀರು, ಮೊಳೆಗೆ ತೂಗಿದ ಹಳೇ ಟ್ಯೂಬುಗಳು. ಅರವತ್ತರ ಆಸುಪಾಸಿನ ಒಬ್ಬರು ಮೋಟರ್‌ಸೈಕಲ್ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನಾನು ಸೈಕಲ್ ಒರಗಿಸುತ್ತಾ "ಅಯ್ಯೋ ಶಿವನೇ" ಅಂದೆ. ಅವರು ತಟ್ಟನೆ ತಲೆ ಎತ್ತಿದರು.

"ಯಾವೂರಪಾ ನಿಂದು?"

"ಗದಗ, ಕಾಕಾ."

"ನಮ್ದು ಇಂಡಿ ತಾಲೂಕ. ಕುಂದರು. ನೀರ ಕುಡಿ ಮೊದ್ಲ."

ವಿಜಯಪುರದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರಂತೆ. ಮೋಟರ್‌ಸೈಕಲ್ ಮುಗಿಸಿ ನನ್ನ ಕಡೆ ತಿರುಗಿದಾಗ ಅವರು ಚಕ್ರ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು, "ಎಷ್ಟ ಸಲ ಆತು?" ನಾನು ಎಲ್ಲ ಹೇಳಿದೆ. "ಮೊದ್ಲಿನ ಟ್ಯೂಬ್ ಐತೇನು? ಕೊಡು ಇಲ್ಲಿ."

ಎರಡೂ ಟ್ಯೂಬಿಗೆ ಒಂದಿಷ್ಟು ಗಾಳಿ ಹೊಡೆದರು, ಮಾಮೂಲಿಗಿಂತ ದಪ್ಪ ಕಾಣುವಷ್ಟು. ಟ್ಯೂಬನ್ನು ಬಾಂಡ್ಲಿ ನೀರಿನೊಳಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಎರಡೂ ಕೈಯಿಂದ ತುಸು ಹಿಗ್ಗಿಸುತ್ತಾ ಹೋದರು. ಹಿಗ್ಗಿಸಿದಾಗ ಮಾತ್ರ ತೆರೆಯುವ ತೂತು ಇರುತ್ತವಂತೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಒರೆಸಿ ಬಾಲ್ ಪೆನ್ನಿನಿಂದ ಕೂಡಿಸುವ ಚಿಹ್ನೆ ಹಾಕಿದರು. ಗೆರೆಗಳು ಎರಡು ಇಂಚು ಉದ್ದ. ಅಷ್ಟು ಉದ್ದ ಯಾಕೆ ಅಂದೆ. ಉಜ್ಜುವಾಗ ನಡುವಿನ ಗುರುತು ಅಳಿಸಿ ಹೋಗುತ್ತೆ, ಹೊರಗಿನ ತುದಿ ಉಳಿದರೆ ತೂತು ಎಲ್ಲಿ ಅಂತ ತಪ್ಪುವುದಿಲ್ಲ. ನನ್ನ ಚುಕ್ಕೆ ಗುರುತು ಬೆಳಿಗ್ಗೆ ಎರಡೇ ಉಜ್ಜಿಗೆ ಮಾಯವಾಗಿತ್ತು.

ಆಮೇಲೆ ಅವರು ಮಾಡಿದ್ದು ನನಗೆ ಇಡೀ ದಿನದಲ್ಲಿ ಸಿಕ್ಕ ದೊಡ್ಡ ಪಾಠ. ಎರಡೂ ಟ್ಯೂಬನ್ನು ನೆಲದ ಮೇಲೆ ವಾಲ್ವ್‌ಗೆ ವಾಲ್ವ್ ಸೇರಿಸಿ ಹಾಸಿದರು. ಮೊದಲನೆಯದರಲ್ಲಿ ವಾಲ್ವ್‌ನಿಂದ ಗೇಣು ಹಾಕಿದರು. ಒಂದು ಗೇಣು, ಎರಡು ಬೆರಳು. ಅಲ್ಲಿ ತೂತು. ಎರಡನೆಯದರಲ್ಲಿ ಹಾಕಿದರು. ಒಂದು ಗೇಣು, ಎರಡು ಬೆರಳು. ಆದರೆ ವಾಲ್ವ್‌ನ ಇನ್ನೊಂದು ಬದಿಗೆ.

"ಬದಿ ಬ್ಯಾರೆ ಐತಲ್ಲ ಕಾಕಾ" ಅಂದೆ.

"ಟ್ಯೂಬಿಗೆ ಎಡ ಬಲ ಇಲ್ಲಪಾ. ನೀ ಎರಡನೇದು ತಿರುವಿ ಹಾಕೀದಿ. ಅಳತಿ ನೋಡು, ಒಂದ ಐತಿ. ಎರಡೂ ಟೈರ್ ಕಡೀನ ಮಾರಿ ಮ್ಯಾಲೆ ತೂತು. ಅಂದ್ರ ಮುಳ್ಳು ಇನ್ನೂ ಟೈರಿನಾಗ ಐತಿ."

ಟ್ಯೂಬಿಗೆ ಎರಡು ಮುಖ ಅಂತ ಅಂದುಕೊಳ್ಳಿ. ಹೊರಮುಖ ಟೈರಿಗೆ ತಾಗುತ್ತೆ, ಒಳಮುಖ, ಅಂದರೆ ವಾಲ್ವ್ ಇರುವ ಕಡೆ, ರಿಮ್ಮಿಗೆ ತಾಗುತ್ತೆ. ತೂತು ಹೊರಮುಖದಲ್ಲಿದ್ದರೆ ಟೈರ್ ಹುಡುಕಬೇಕು. ಒಳಮುಖದಲ್ಲಿದ್ದರೆ ಟೈರಿನಲ್ಲಿ ಏನೂ ಸಿಗಲ್ಲ, ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತೂತಿನ ಅಂಚು ಕೊರೆದಿರುತ್ತೆ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಿದ್ದರೆ ಮುಳ್ಳೇ ಅಲ್ಲ. ಗಾಳಿ ಕಡಿಮೆ ಇದ್ದು ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ನೆಲಕ್ಕೆ ಜಜ್ಜಿರುತ್ತೆ. ತೂತಿನ ಜಾಗವೇ ಕಾರಣ ಹೇಳುತ್ತೆ. ಬೆಳಿಗ್ಗೆ ನಾನು ತೂತನ್ನು ಮುಚ್ಚಬೇಕಾದ ಜಾಗ ಅಂತ ಮಾತ್ರ ನೋಡಿದ್ದೆ. ಮೊದಲ ಟ್ಯೂಬಿನ ತೂತನ್ನಂತೂ ಹುಡುಕಲೇ ಇಲ್ಲ, ಮಡಚಿ ಚೀಲಕ್ಕೆ ಹಾಕಿಬಿಟ್ಟಿದ್ದೆ.

ಈಗ ಟೈರ್. ಸೈಕಲ್ಲನ್ನು ಗೋಣಿಚೀಲದ ಮೇಲೆ ತಲೆಕೆಳಗು ನಿಲ್ಲಿಸಿದರು. ವಾಲ್ವ್ ತೂತಿನಿಂದ ಎರಡೂ ಬದಿಗೆ ಒಂದು ಗೇಣು ಎರಡು ಬೆರಳು ಅಳೆದು ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಯಾವ ಟ್ಯೂಬ್ ಯಾವ ಕಡೆ ಇತ್ತು ಅಂತ ನನಗೆ ನೆನಪಿರಲಿಲ್ಲ, ಅದಕ್ಕೇ ಎರಡು ಗೆರೆ. ಆದರೂ ಎರಡು ಮೀಟರ್ ಟೈರ್ ಹುಡುಕುವುದಕ್ಕೂ, ಎರಡು ಗೆರೆಯ ಹತ್ತಿರ ನಾಲ್ಕು ಬೆರಳು ಜಾಗ ಹುಡುಕುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಮೊದಲು ಬೆರಳು ಹಾಕಲಿಲ್ಲ. ಹತ್ತಿಯ ಚೂರು ತಗೊಂಡು ಗೆರೆಯ ಹತ್ತಿರ ಒಳಮೈಗೆ ಒರೆಸಿದರು, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ. ಮೊದಲ ಗೆರೆಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಆಗ ಆ ಜಾಗದ ಟೈರನ್ನು ಎರಡೂ ಹೆಬ್ಬೆರಳಿನಿಂದ ಹೊರಗಿನಿಂದ ಒಳಕ್ಕೆ ತಳ್ಳಿ ಬೆನ್ನು ಮುರಿಯುವ ಹಾಗೆ ಬಗ್ಗಿಸಿದರು. ಮತ್ತೆ ಹತ್ತಿ ಒರೆಸಿದರು. ಈ ಸಲ ಒಂದೇ ಒಂದು ಎಳೆ ಸಿಕ್ಕಿಕೊಂಡು ನಿಂತಿತು.

ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಚೂಪು ಮೂತಿಯ ಇಕ್ಕಳದಿಂದ ಒಳಗಿನಿಂದಲೇ ಎಳೆದು ನನ್ನ ಅಂಗೈ ಮೇಲಿಟ್ಟರು. ಅರ್ಧ ಸೆಂಟಿಮೀಟರ್ ಇರಬಹುದು. ಹೊರಮೈಯಲ್ಲಿ ಅದರ ಗುರುತೇ ಇಲ್ಲ, ರಬ್ಬರಿನೊಳಗೆ ಮುಳುಗಿತ್ತು.

"ಲಾರಿ ಟೈರಿಂದು" ಅಂದರು. "ಹೈವೇ ಅಂಚಿಗೆ ಬಂದಿ ಹೌದಿಲ್ಲ?"

ಈಗಿನ ಲಾರಿ ಟೈರುಗಳ ಒಳಗೆ ಸಣ್ಣ ಉಕ್ಕಿನ ತಂತಿಗಳ ಹೆಣಿಗೆ ಇರುತ್ತೆ. ಟೈರ್ ಸಿಡಿದಾಗ ರಬ್ಬರ್ ಪಟ್ಟೆಗಳು ಅಂಚಿಗೆ ಹಾರುತ್ತವೆ, ಬಿಸಿಲು ಮಳೆಗೆ ರಬ್ಬರ್ ಪುಡಿಯಾಗಿ ತಂತಿ ಚೂರು ಉಳಿಯುತ್ತೆ. ನಾವು ಸೈಕಲ್‌ನವರು ಓಡಾಡೋದು ಅದೇ ಅಂಚಿನಲ್ಲಿ. ಒದ್ದೆ ರಸ್ತೆಯಲ್ಲಿ ಚೂರುಗಳು ಟೈರಿಗೆ ಅಂಟಿಕೊಳ್ಳುತ್ತವೆ, ನೀರಿನಿಂದ ರಬ್ಬರ್ ಜಾರುತ್ತೆ, ಸುಲಭವಾಗಿ ಒಳಗೆ ಇಳಿಯುತ್ತವೆ. ಒಮ್ಮೆ ಸಿಕ್ಕಿಕೊಂಡರೆ ಚಕ್ರ ತಿರುಗಿದಾಗಲೆಲ್ಲ ನೆಲ ಒಂದೊಂದು ಏಟು ಹೊಡೆದು ಒಳಗೆ ತಳ್ಳುತ್ತೆ. ಹಾಗಾಗಿ ಹೈವೇಯಲ್ಲಿ ಹತ್ತಿದ ತಂತಿ ಭೋರ್ ದಾಟಿದ ಮೇಲೆ ಟ್ಯೂಬ್ ಮುಟ್ಟಿತು. ಭಾರ ಬಿದ್ದಾಗ ಮಾತ್ರ ತುದಿ ಒಳಗೆ ಇಣುಕುತ್ತೆ, ಟೈರ್ ಸಡಿಲ ಇದ್ದಾಗ ಹಿಂದಕ್ಕೆ ಸರಿಯುತ್ತೆ. ನನ್ನ ಬೆರಳಿಗೆ ಸಿಗದೇ ಇದ್ದದ್ದು ಅದಕ್ಕೇ. ನಾನು ಕಿತ್ತು ಎಸೆದ ಗಾಜು ರಬ್ಬರಿನ ಮೇಲ್ಪದರದಲ್ಲೇ ಕೂತಿದ್ದ, ತೂತಿಗೆ ಸಂಬಂಧವೇ ಇಲ್ಲದ ಚೂರು.

ನಂತರ ನನ್ನ ಪ್ಯಾಚ್. ಉಗುರು ಹಾಕಿ ಒಂದೇ ಎಳೆತಕ್ಕೆ ಕಿತ್ತರು. ಕೆಳಗೆ ಸೊಲ್ಯೂಷನ್ ಇನ್ನೂ ಹಸಿ, ಬೆಲ್ಲದ ಪಾಕದ ಹಾಗೆ ಎಳೆ ಬಂತು.

"ಇದು ಗೋಂದ ಅಲ್ಲೊ ತಮ್ಮಾ. ಹಸಿ ಇದ್ದಾಗ ಹಚ್ಚೂದಲ್ಲ, ಒಣಗಿದ ಮ್ಯಾಲೆ ಹಚ್ಚೂದು."

ನಾನು ಇಷ್ಟು ವರ್ಷ ಅದನ್ನು ಅಂಟು ಅಂತಲೇ ತಿಳಿದಿದ್ದೆ. ಸೊಲ್ಯೂಷನ್‌ನಲ್ಲಿ ರಬ್ಬರನ್ನು ಕರಗಿಸಿಟ್ಟ ದ್ರವ ಇರುತ್ತೆ. ಅದು ಆರಿ ಹೋದ ಮೇಲೆ ಉಳಿಯುವ ತೆಳು ಪದರ ಪ್ಯಾಚಿನ ಕೆಳಮೈ ಜೊತೆ ಸೇರಿ ರಬ್ಬರಿಗೆ ರಬ್ಬರೇ ಹಿಡಿಯಬೇಕು. ದ್ರವ ಆರುವ ಮೊದಲೇ ಪ್ಯಾಚ್ ಹಾಕಿದರೆ ಅದು ಮಧ್ಯೆ ಸಿಕ್ಕಿಬಿದ್ದು ಪದರವನ್ನು ಮೆತ್ತಗೇ ಇಡುತ್ತೆ, ಟ್ಯೂಬಿನ ಗಾಳಿ ಅದನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತೆ. ಬಾಯಿಂದ ಊದಿದರೆ ಉಸಿರಿನ ತೇವ ಹೋಗಿ ಕೂರುತ್ತೆ, ಅದು ಇನ್ನೂ ಕೆಟ್ಟದ್ದು.

ಅವರು ನನ್ನ ಕೈಯಲ್ಲೇ ಮಾಡಿಸಿದರು. "ನೀ ಮಾಡು, ನಾ ನೋಡ್ತೀನಿ."

ಮೊದಲು ಹಳೇ ಸೊಲ್ಯೂಷನ್ ಪೂರ್ತಿ ಉಜ್ಜಿ ತೆಗೆಸಿದರು. ಟ್ಯೂಬಿನ ಉದ್ದಕ್ಕೂ ಒಂದು ಸಣ್ಣ ಏಣು ಇರುತ್ತೆ ನೋಡಿ, ಅಚ್ಚಿನಿಂದ ಬಂದ ಗೆರೆ. ನನ್ನ ತೂತು ಅದರ ಪಕ್ಕದಲ್ಲೇ ಇತ್ತು. ಆ ಏಣು ಉಳಿದರೆ ಪ್ಯಾಚಿನ ಅಂಚು ಅಲ್ಲಿ ಎದ್ದು ನಿಲ್ಲುತ್ತೆ, ಗಾಳಿ ಅದರ ಪಕ್ಕದಲ್ಲೇ ತೂರಿ ಹೊರಬರುತ್ತೆ. ಅದು ನೆಲಸಮ ಆಗುವವರೆಗೂ ಉಜ್ಜಿಸಿದರು. ಹೊಳಪು ಹೋಗಿ ಸ್ಲೇಟಿನ ಹಾಗೆ ಮಂಕಾಗಬೇಕು, ಪ್ಯಾಚಿಗಿಂತ ಬೆರಳಗಲ ಜಾಸ್ತಿ ಜಾಗದಲ್ಲಿ. ಎಲ್ಲಾದರೂ ಹೊಳಪು ಕಂಡರೆ "ಇಲ್ಲೆ ಉಳದೈತಿ" ಅಂತ ತೋರಿಸುತ್ತಿದ್ದರು. ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿದ ಮೇಲೆ ಬೆರಳು ಮುಟ್ಟಿಸಬಾರದು, ಕೈಯ ಜಿಡ್ಡು ಸಾಕು ಕೆಡಿಸೋಕೆ.

ಸೊಲ್ಯೂಷನ್ ಒಂದೇ ತೆಳು ಪದರ, ಪ್ಯಾಚಿಗಿಂತ ಅಗಲಕ್ಕೆ. ದಪ್ಪ ಹಚ್ಚಿದರೆ ಒಳಗಡೆ ಒಣಗಲ್ಲ. ಹಚ್ಚಿ ಟ್ಯೂಬನ್ನು ಮಂಡಿ ಮೇಲೆ ಇಟ್ಟುಕೊಂಡು ಕೂತೆವು. ಚಹಾ ಬಂತು. ನಾನು ಎರಡು ಸಲ ಪ್ಯಾಚ್ ಎತ್ತಿಕೊಂಡೆ, ಎರಡೂ ಸಲ ಅವರು ಕೈ ಅಡ್ಡ ಹಿಡಿದರು. "ಚಾ ಕುಡಿ. ಅದು ಒಣಗಲಿ." ಚಹಾ ಮುಗಿಯುವ ಹೊತ್ತಿಗೆ ಐದು ನಿಮಿಷವಾದರೂ ಆಗಿತ್ತು. ಆಮೇಲೆ ಅಂಚಿನಲ್ಲಿ, ಪ್ಯಾಚ್ ಕೂರದ ಜಾಗದಲ್ಲಿ, ಬೆರಳ ಬೆನ್ನು ತಾಗಿಸಿ ನೋಡಲು ಹೇಳಿದರು. ಹೊಳಪು ಹೋಗಿತ್ತು. ಸ್ವಲ್ಪ ಜಿಗುಟು, ಆದರೆ ಎಳೆ ಬರಲಿಲ್ಲ. ಅಷ್ಟೇ ಪರೀಕ್ಷೆ. ಬಿಸಿಲಲ್ಲಿ ಬೇಗ ಆಗುತ್ತೆ, ಮಳೆಗಾಲದಲ್ಲಿ ಇನ್ನೂ ಹೊತ್ತು ಬೇಕು.

ಪ್ಯಾಚ್ ನನ್ನ ಡಬ್ಬಿಯದೇ, ದುಂಡನೆಯದು. ಅವರ ಹತ್ತಿರ ಹಳೇ ಟ್ಯೂಬಿನಿಂದ ಕತ್ತರಿಸಿದವು ಇದ್ದವು, ಅವನ್ನೂ ದುಂಡಗೇ ಕತ್ತರಿಸಿದ್ದರು. ಚೌಕ ಇದ್ದರೆ ಮೂಲೆಯಿಂದಲೇ ಏಳೋಕೆ ಶುರು ಅಂತ ಕಾರಣ. ತೂತು ನಡುವೆ ಬರುವ ಹಾಗೆ ಪೆನ್ ಗೆರೆ ನೋಡಿ ಇಟ್ಟೆ. ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋದೆ, ಆಮೇಲೆ ಅವರು ಸುತ್ತಿಗೆಯ ಹಿಡಿಯಿಂದ ಕಲ್ಲಿನ ಮೇಲೆ ಇಟ್ಟು ತಿಕ್ಕಿದರು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅಂಚಿನಿಂದ ಎಳೆಯಲು ಹೋದೆ, ತಡೆದರು. ಹಾಗೆ ಎಳೆದರೆ ಪ್ಯಾಚಿನ ಅಂಚೂ ಜೊತೆಗೆ ಏಳುತ್ತೆ. ಟ್ಯೂಬನ್ನು ಮಡಚಿದಾಗ ಹಾಳೆ ನಡುವೆ ಸೀಳಿತು, ಅಲ್ಲಿಂದ ಹೊರಕ್ಕೆ ಬಿಡಿಸಿದೆ. ಅದೂ ಬರದಿದ್ದರೆ ಹಾಗೇ ಬಿಟ್ಟರೂ ನಡೆಯುತ್ತೆ. ಕೊನೆಗೆ ಸೀಮೆಸುಣ್ಣದ ಪುಡಿ ಉದುರಿಸಿದರು, ಉಳಿದ ಜಿಗುಟು ಟೈರಿಗೆ ಅಂಟಬಾರದು ಅಂತ.

ಎಲ್ಲಕ್ಕೂ ಪ್ಯಾಚ್ ಆಗಲ್ಲ ಅಂತಲೂ ತೋರಿಸಿದರು. ವಾಲ್ವ್ ಬುಡದಲ್ಲಿ ಹರಿದ ಒಂದು ಟ್ಯೂಬ್ ಮೊಳೆಗೆ ತೂಗಿತ್ತು. ಅಲ್ಲಿ ಪ್ಯಾಚ್ ಚಪ್ಪಟೆ ಕೂರೋಕೆ ಜಾಗವೇ ಇಲ್ಲ. ಅದು ಪಟ್ಟಿ ಕತ್ತರಿಸೋಕೆ ಮಾತ್ರ.

ವಾಪಸ್ ಹಾಕುವಾಗ ನಾನು ಲಿವರ್ ತೆಗೆದೆ. ಅದನ್ನು ನನ್ನ ಕೈಯಿಂದ ತಗೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿಸಿ ಒಳಗೆ ಕೂರಿಸಿದರು. ಟೈರಿನ ಅಂಚನ್ನು ವಾಲ್ವ್‌ನ ಎದುರು ಬದಿಯಿಂದ ಶುರುಮಾಡಿ ಎರಡೂ ಕಡೆಯಿಂದ ಬಂದು ವಾಲ್ವ್ ಹತ್ತಿರ ಮುಗಿಸಬೇಕು. ನಾನು ಯಾವಾಗಲೂ ವಾಲ್ವ್‌ನಿಂದಲೇ ಶುರು ಮಾಡುತ್ತಿದ್ದೆ, ಕೊನೆಯ ಗೇಣು ಬಿಗಿಯಾಗಿ ಲಿವರ್ ಬೇಕಾಗುತ್ತಿತ್ತು. ರಿಮ್ಮಿನ ನಡುವೆ ಒಂದು ಹಳ್ಳ ಇದೆ. ಟೈರಿನ ಅಂಚು ಆ ಹಳ್ಳಕ್ಕೆ ಇಳಿದರೆ ಸುತ್ತಳತೆ ಸ್ವಲ್ಪ ಮಿಗುತ್ತೆ, ಆ ಮಿಕ್ಕಿದ್ದರಲ್ಲೇ ಕೊನೆಯ ಭಾಗ ಒಳಗೆ ಹೋಗೋದು. ವಾಲ್ವ್ ಇರುವ ಜಾಗದಲ್ಲಿ ಅಂಚು ಹಳ್ಳಕ್ಕೆ ಇಳಿಯಲ್ಲ, ವಾಲ್ವ್‌ನ ದಪ್ಪ ಬುಡ ಅಡ್ಡ ಇರುತ್ತೆ. ಅದಕ್ಕೇ ಅದನ್ನು ಕೊನೆಗೆ ಬಿಡಬೇಕು. ಸುತ್ತ ಹಿಂಡುತ್ತಾ ಬಂದೆ, ಕೊನೆಯ ಭಾಗ ಹೆಬ್ಬೆರಳಿಗೇ ಕೂತಿತು. ಆಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಬೇಕು, ಅಂಚಿನ ಕೆಳಗೆ ಟ್ಯೂಬ್ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತೆ.

ಗಾಳಿಗೆ ಇನ್ನೊಂದು ತೊಡಕು. ಕಂಪ್ರೆಸರ್‌ನ ಬಾಯಿ ಮೋಟರ್‌ಸೈಕಲ್ ವಾಲ್ವ್‌ಗೆ ಸರಿ, ನನ್ನ ಸಪೂರ ವಾಲ್ವ್‌ಗೆ ಕೂರಲ್ಲ. ಕಾಕಾ ಡಬ್ಬಿಯಿಂದ ಹಿತ್ತಾಳೆಯ ಪುಟ್ಟ ಟೋಪಿ ತೆಗೆದರು. ವಾಲ್ವ್‌ನ ತುದಿ ಬಿಚ್ಚಿ ಮೇಲೆ ತಿರುಗಿಸಿದರೆ ಮೋಟರ್‌ಸೈಕಲ್ ವಾಲ್ವ್ ಥರ ಆಗುತ್ತೆ. ಇಂಥ ಸೈಕಲ್‌ನವರು ಈ ದಾರಿಗೆ ಬರ್ತಾನೇ ಇರ್ತಾರೆ, ಅದಕ್ಕೇ ತಂದಿಟ್ಟೆ ಅಂದರು. ಹ್ಯಾಂಡಲನ್ನು ಒತ್ತಿ ಹಿಡಿಯಲಿಲ್ಲ. ಚುಸ್, ಬಿಟ್ಟು, ಚುಸ್, ಬಿಟ್ಟು. ಸೈಕಲ್ ಟ್ಯೂಬ್ ಚಿಕ್ಕದು, ಲಾರಿಗೆ ಹೊಡೆದ ಹಾಗೆ ಹೊಡೆದರೆ ಕ್ಷಣದಲ್ಲಿ ಮಿತಿ ದಾಟುತ್ತೆ. 30ಕ್ಕೆ ನಿಲ್ಲಿಸಿ ಚಕ್ರ ತಿರುಗಿಸಿ ಟೈರಿನ ಗೆರೆ ರಿಮ್ಮಿನ ಅಂಚಿಗೆ ಎರಡೂ ಬದಿ ಸಮ ಇದೆಯಾ ನೋಡಿದರು. ಸಮ ಇತ್ತು. 60 ಪೌಂಡಿಗೆ ನಿಲ್ಲಿಸಿದರು.

ಹೊರಡುವ ಮೊದಲು ಒಂದು ಮಾತು ಹೇಳಿದರು. "ಮುಂದಿನ ಸಲ ಟ್ಯೂಬ್ ಪೂರಾ ಹೊರಗ ತಗೀಬ್ಯಾಡ. ವಾಲ್ ಅಲ್ಲೇ ಬಿಡು. ಉಳದದ್ದು ಅಷ್ಟ ಎಳಿ." ವಾಲ್ವ್ ರಿಮ್ಮಿನಲ್ಲೇ ಇದ್ದರೆ ಟ್ಯೂಬಿನ ತೂತು ಮತ್ತು ಟೈರಿನ ತೂತು ಎದುರುಬದುರೇ ಉಳಿಯುತ್ತವೆ, ಗೇಣು ಹಾಕುವ ಕೆಲಸವೇ ಇಲ್ಲ. ಹಿಂದಿನ ಚಕ್ರ ಬಿಚ್ಚುವ ಅಗತ್ಯವೂ ಇಲ್ಲ, ಚೈನ್ ಇಲ್ಲದ ಎಡಬದಿಯಿಂದ ಎಳೆದರಾಯಿತು. ಟ್ಯೂಬ್ ಬದಲಿಸಲೇಬೇಕಾದರೆ ಮಾತ್ರ ಪೂರ್ತಿ ತೆಗೆಯೋದು, ಆಗ ಹಳೆಯದು ಯಾವ ದಿಕ್ಕಿಗಿತ್ತು ಅಂತ ಗುರುತು ಹಾಕಿಕೊಳ್ಳೋದು.

50 ರೂಪಾಯಿ ತಗೊಂಡರು. ಜಾಸ್ತಿ ಕೊಟ್ಟರೆ ಕೈ ಹಿಂದಕ್ಕೆಳೆದರು, ಕೆಲಸ ನೀನೇ ಮಾಡಿದ್ದಲ್ಲ ಅಂದರು. ಚೀಲದಲ್ಲಿದ್ದ ಶೇಂಗಾ ಚಟ್ನಿ ಪುಡಿಯ ಪೊಟ್ಟಣ ಕೊಟ್ಟೆ. ಬಿಚ್ಚಿ ಮೂಸಿ ನೋಡಿ ಜೇಬಿಗೆ ಹಾಕಿಕೊಂಡರು, ಲಿವರ್ ನನಗೆ ವಾಪಸ್ ಕೊಟ್ಟರು.

ಘಾಟಿಗೆ ಹೋಗಲಿಲ್ಲ, ಹೊತ್ತಾಗಿತ್ತು. ಅಲ್ಲಿಂದಲೇ ತಿರುಗಿ ಭೋರ್, ಕಾಪೂರಹೋಳ್, ಹೈವೇ. ಖೇಡ್ ಶಿವಾಪುರದ ಹತ್ತಿರ ಮತ್ತು ಕಾತ್ರಜ್ ಘಾಟಿನ ಬುಡದಲ್ಲಿ ನಿಲ್ಲಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಗಟ್ಟಿ ಇತ್ತು. ರಾತ್ರಿ ಎಂಟಕ್ಕೆ ಮನೆ.

ಮರುದಿನ ಮೊದಲನೇ ಟ್ಯೂಬಿಗೆ ಮನೆಯಲ್ಲಿ ನಾನೇ ಪ್ಯಾಚ್ ಹಾಕಿದೆ. ಏಣು ಉಜ್ಜಿದೆ, ತೆಳುವಾಗಿ ಹಚ್ಚಿದೆ, ಒಲೆ ಮೇಲೆ ಚಹಾಕ್ಕಿಟ್ಟು ಅದನ್ನು ಕುಡಿದು ಮುಗಿಸಿದ ಮೇಲೆ ಪ್ಯಾಚ್ ಒತ್ತಿದೆ. ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಹಿಡಿದೆ. ಪ್ಯಾಚಿನ ಅಂಚಿಗೆ ಮೂರು ಗುಳ್ಳೆ ಅಂಟಿಕೊಂಡಿದ್ದವು. ಬೆರಳಿನಿಂದ ಒರೆಸಿ ಹತ್ತು ನಿಮಿಷ ಹಾಗೇ ನೋಡುತ್ತಾ ಕೂತೆ. ಮತ್ತೆ ಒಂದೂ ಬರಲಿಲ್ಲ.